ಬುಧಾದಿತ್ಯಯೋಗ: ಮನೆಮನೆಯ ಭಾಗ್ಯವೇ?

ಕಳೆದ ವೈಶಾಖ ಮಾಸದಲ್ಲಿ ಶ್ರೀನಿವಾಸಪುರದ ಕಡೆಯ ಗೃಹಸ್ಥರೊಬ್ಬರು ಎರಡು ಜಾತಕಗಳನ್ನು ಕೈಯಲ್ಲಿ ಹಿಡಿದು ಮಾಲೂರಿನ ನಮ್ಮ ಮನೆಗೆ ಬಂದರು. ಅವರಿಗೆ ನಾಲ್ಕೆಕರೆ ಮಾವಿನ ತೋಪು. ಆ ವರ್ಷ ಹೂವು ನಿಲ್ಲದೆ ಫಸಲು ಅರ್ಧಕ್ಕೆ ಇಳಿದಿತ್ತು. ಮನೆಯಲ್ಲಿ ಒಬ್ಬ ಮಗ, ಒಬ್ಬಳು ಮಗಳು. ಒಂದು ವರ್ಷದ ಅಂತರದವರು. ಮಗನು ಒಂದು ಸಾರಿ ತಪ್ಪಿ ಎರಡನೆಯ ಸಾರಿ ತೇರ್ಗಡೆಯಾದದ್ದರಿಂದ ಇಬ್ಬರೂ ಒಂದೇ ಸಲಕ್ಕೆ ಪಿ.ಯು.ಸಿ. ಮುಗಿಸಿದ್ದರು. ಇಬ್ಬರನ್ನೂ ಪಟ್ಟಣದಲ್ಲಿಟ್ಟು ಓದಿಸುವ ಶಕ್ತಿ ಅವರಿಗಿಲ್ಲ. ಯಾರನ್ನು ಕಳುಹಿಸುವುದು ಎಂಬುದೇ ಪ್ರಶ್ನೆ.

"ಮೇಷ್ಟ್ರೇ, ಮಾರ್ಕ್ಸ್ ನೋಡಿದರೆ ಹುಡುಗಿಯದೇ ಹೆಚ್ಚು. ಆದರೆ ಜಾತಕದಲ್ಲಿ ಹುಡುಗನಿಗೆ ಬುಧಾದಿತ್ಯಯೋಗ ಇದೆಯಂತೆ, ಅದೂ ಸಿಂಹದಲ್ಲಿ. ವಿದ್ಯೆ ಕೀರ್ತಿ ಎಲ್ಲಾ ಅವನಿಗೇ ಅಂತ ಹೇಳಿದರು. ಹುಡುಗಿಗೆ ಆ ಯೋಗವೇ ಇಲ್ಲವಂತೆ. ತಾವು ಸಂಸ್ಕೃತ ಓದಿದವರು, ಒಂದು ಸಾರಿ ನೋಡಿ ಹೇಳಬೇಕು" ಎಂದರು.

ನಾವು ಜ್ಯೋತಿಷಿಗಳಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ ಶಬ್ದರೂಪಗಳನ್ನೂ ಗಣಿತವನ್ನೂ ಹೇಳಿಕೊಟ್ಟವರು; ಸಿದ್ಧಾಂತಗ್ರಂಥಗಳನ್ನು ಗುರುಮುಖದಿಂದ ಅಷ್ಟಿಷ್ಟು ಕೇಳಿದವರು. ಆದರೂ ಆ ದಿನ ಅವರೊಡನೆ ಕುಳಿತು ನೋಡಿದ ವಿಷಯವು ಅನೇಕ ಗೃಹಸ್ಥರಿಗೆ ಉಪಯೋಗವಾಗಬಹುದೆಂದು ತೋರಿದುದರಿಂದ ಇಲ್ಲಿ ವಿಸ್ತರಿಸುತ್ತೇವೆ. ಏಕೆಂದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ನಾವು ಕಂಡ ಜಾತಕಗಳ ಪೈಕಿ ಬುಧಾದಿತ್ಯಯೋಗವೆಂದು ಬರೆಯದಿರುವ ಜಾತಕವೇ ಅಪರೂಪವೆಂಬಂತೆ ಕಾಣುತ್ತದೆ. ಕಂಪ್ಯೂಟರಿನಿಂದ ಅಚ್ಚಾಗಿ ಬರುವ ಈಗಿನ ಜಾತಕಗಳಲ್ಲಂತೂ ಯೋಗಗಳ ಪಟ್ಟಿಯಲ್ಲಿ ಮೊದಲ ಸಾಲೇ ಅದಾಗಿರುವುದುಂಟು. ಇಷ್ಟು ಜನರಿಗೆ ಲಭಿಸಿರುವ ವಿಶೇಷ ಬುದ್ಧಿಯೂ ಕೀರ್ತಿಯೂ ನಮ್ಮ ಬೀದಿಗಳಲ್ಲಿ ಏಕೆ ಕಾಣುವುದಿಲ್ಲವೆಂಬ ಸಂದೇಹ ಯಾರಿಗಾದರೂ ಬರತಕ್ಕದ್ದೇ.

ಮೊದಲು ಯೋಗದ ಲಕ್ಷಣವನ್ನು ಹೇಳೋಣ. ಜನನಕಾಲದಲ್ಲಿ ಸೂರ್ಯನೂ ಬುಧನೂ ಒಂದೇ ರಾಶಿಯಲ್ಲಿದ್ದರೆ ಅದನ್ನು ಬುಧಾದಿತ್ಯಯೋಗವೆನ್ನುತ್ತಾರೆ. ಸೂರ್ಯನು ಆತ್ಮಕಾರಕ, ಅಧಿಕಾರಕ್ಕೂ ಪ್ರತಿಷ್ಠೆಗೂ ಕಾರಕ. ಬುಧನು ಬುದ್ಧಿ, ವಾಕ್ಕು, ಗಣಿತಗಳಿಗೆ ಕಾರಕ. ಇಬ್ಬರೂ ಕೂಡಿದರೆ ಬುದ್ಧಿಯಿಂದ ಪ್ರತಿಷ್ಠೆ ಬರುವುದೆಂಬುದು ಇದರ ಹಿಂದಿನ ತರ್ಕ. ವರಾಹಮಿಹಿರಾಚಾರ್ಯರ ಬೃಹಜ್ಜಾತಕದಲ್ಲಿ ಎರಡೆರಡು ಗ್ರಹಗಳ ಕೂಟಕ್ಕೆ ಫಲ ಹೇಳುವ ಅಧ್ಯಾಯವೊಂದಿದೆ. ಅಲ್ಲಿ ಸೂರ್ಯನು ಬುಧನೊಡನೆ ಇದ್ದರೆ ಜಾತಕನು ಕೆಲಸದಲ್ಲಿ ನಿಪುಣನೂ, ಬುದ್ಧಿ, ಕೀರ್ತಿ, ಸೌಖ್ಯಗಳುಳ್ಳವನೂ ಆಗುವನೆಂಬ ಅಭಿಪ್ರಾಯವಿದೆ. ಆಚಾರ್ಯರು ಸೂರ್ಯನು ಚಂದ್ರನೊಡನೆ ಇದ್ದರೆ ಹೀಗೆ, ಕುಜನೊಡನೆ ಇದ್ದರೆ ಹೀಗೆ ಎಂದು ಸಾಲಾಗಿ ಹೇಳುತ್ತ ಹೋಗುವಾಗ ಇದೂ ಒಂದು ಎಂದು ಹೇಳಿದ್ದಾರೆ. ಇಂದು ನಾವು ಈ ಯೋಗಕ್ಕೆ ಕೊಡುತ್ತಿರುವ ಸಿಂಹಾಸನವನ್ನು ಅವರು ಅಲ್ಲಿ ಹಾಕಿಲ್ಲ.

ಇನ್ನು ಆಕಾಶದ ಕಡೆಗೆ ತಿರುಗೋಣ. ಬುಧನು ಸೂರ್ಯನಿಗೆ ಅತಿ ಸಮೀಪದ ಗ್ರಹ. ಭೂಮಿಯು ಸೂರ್ಯನಿಂದ ಸುಮಾರು ಹದಿನೈದು ಕೋಟಿ ಕಿಲೋಮೀಟರ್ ದೂರದಲ್ಲಿದ್ದರೆ ಬುಧನು ಸುಮಾರು ಏಳು ಕೋಟಿ ಕಿಲೋಮೀಟರಿನೊಳಗೇ ಸುತ್ತುತ್ತಾನೆ. ದೇವರ ಗುಡಿಯಿಂದ ದೂರದಲ್ಲಿ ನಿಂತವನಿಗೆ ಪ್ರದಕ್ಷಿಣೆ ಮಾಡುವ ಅರ್ಚಕನು ಒಮ್ಮೆ ಗುಡಿಯ ಎಡಕ್ಕೆ, ಒಮ್ಮೆ ಬಲಕ್ಕೆ ಕಾಣುತ್ತಾನಲ್ಲದೆ ಊರ ಬಾಗಿಲಲ್ಲಿ ಎಂದಿಗೂ ಕಾಣುವುದಿಲ್ಲವಷ್ಟೆ. ಹಾಗೆಯೇ ಭೂಮಿಯಿಂದ ನೋಡುವ ನಮಗೆ ಬುಧನು ಸೂರ್ಯನ ಎಡಬಲಗಳಲ್ಲಿ ಓಲಾಡುತ್ತಿರುತ್ತಾನೆ. ಆ ಓಲಾಟದ ಕಡೆಯ ಮೇರೆ ಒಮ್ಮೆ 18 ಭಾಗೆ, ಒಮ್ಮೆ 28 ಭಾಗೆ, ಹೀಗೆ ಬದಲಾಗುತ್ತದೆ, 28ನ್ನು ಮೀರುವುದೆಂಬುದಿಲ್ಲ. ಭಾಗೆಯೆಂದರೆ ಈಗಿನವರು ಡಿಗ್ರಿಯೆನ್ನುವುದು. ಚಕ್ರಕ್ಕೆ 360, ರಾಶಿಗೆ 30.

ಕೋಲಾರದ ಅಂತರಗಂಗೆಯ ಬೆಟ್ಟದ ಮೇಲೋ ಮುಳಬಾಗಿಲು ತಾಲ್ಲೂಕಿನ ಆವಣಿಯ ಬೆಟ್ಟದ ಮೇಲೋ ನಿಂತು ಇದನ್ನು ಕಣ್ಣಾರೆ ಪರೀಕ್ಷಿಸಬಹುದು. ಕೈಯನ್ನು ನೀಟಾಗಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಸುಮಾರು ಹತ್ತು ಭಾಗೆ. ಬುಧನು ಕಾಣುವ ದಿನಗಳಲ್ಲಿ ಸೂರ್ಯನು ಮುಳುಗಿ ಮುಕ್ಕಾಲು ಗಂಟೆಯ ಮೇಲೆ ಪಡುವಣ ದಿಗಂತದ ಹತ್ತಿರ, ಅಥವಾ ಸೂರ್ಯೋದಯಕ್ಕೆ ಅಷ್ಟೇ ಮುಂಚೆ ಮೂಡಣದಲ್ಲಿ, ಸೂರ್ಯನಿರುವ ಎಡೆಯಿಂದ ಮೂರು ಮುಷ್ಟಿಯೊಳಗೆ ಅವನನ್ನು ಹುಡುಕಬೇಕು. ನಡುರಾತ್ರಿಯಲ್ಲಿ ಬುಧನನ್ನು ಕಂಡವರು ಯಾರೂ ಇಲ್ಲ.

ಇದು ಪಾಶ್ಚಾತ್ಯರು ಬಂದು ಹೇಳಿಕೊಟ್ಟ ಸಂಗತಿಯಲ್ಲ. ಸೂರ್ಯಸಿದ್ಧಾಂತದಲ್ಲಿ ಒಂದು ಮಹಾಯುಗಕ್ಕೆ ಸೂರ್ಯನ ಭಗಣಗಳು 43,20,000; ಬುಧನ ಮಧ್ಯಮಗತಿಗೂ ಅದೇ ಸಂಖ್ಯೆ. ಎಂದರೆ ಸರಾಸರಿಯಲ್ಲಿ ಬುಧನು ಇರುವುದು ಸೂರ್ಯನಿದ್ದಲ್ಲಿಯೇ ಎಂಬುದನ್ನು ಸಿದ್ಧಾಂತಿಗಳು ಲೆಕ್ಕದ ತಳಹದಿಯಲ್ಲಿಯೇ ಇಟ್ಟುಕೊಂಡಿದ್ದರು. ಅವನ ಎಡಬಲದ ಓಲಾಟವನ್ನು ಶೀಘ್ರವೆಂಬ ಬೇರೊಂದು ಗತಿಯಿಂದ ಸಾಧಿಸಿದರು. ಆ ಗತಿಯಿಂದ ಒಂದು ಸುತ್ತಿಗೆ ಬರುವ ಕಾಲ 88 ದಿನಗಳಿಗೆ ಕೂದಲೆಳೆಯಷ್ಟು ಕಡಿಮೆ. ಇಂದಿನ ಖಗೋಳಶಾಸ್ತ್ರಜ್ಞರು ಬುಧನು ಸೂರ್ಯನನ್ನು ಸುತ್ತುವ ಕಾಲವೆಂದು ಹೇಳುವುದೂ ಅದನ್ನೇ. ಆದುದರಿಂದ ಬುಧನು ಸೂರ್ಯನ ಬಳಿಯಲ್ಲಿರುವುದನ್ನು ಒಬ್ಬ ಶಿಶುವಿನ ವಿಶೇಷ ಭಾಗ್ಯವೆನ್ನುವುದು, ನೆರಳು ಮರದ ಬಳಿಯಲ್ಲಿದೆಯೆಂದು ಆಶ್ಚರ್ಯಪಟ್ಟಂತೆ.

ಹಾಗಾದರೆ ನೂರು ಜಾತಕಗಳಲ್ಲಿ ಎಷ್ಟಕ್ಕೆ ಈ ಯೋಗ ಬರಬೇಕು? ಇದಕ್ಕೆ ಪ್ರಾಥಮಿಕ ಶಾಲೆಯ ಲೆಕ್ಕವೇ ಸಾಕು. ಒಂದು ರಾಶಿಯನ್ನು ಮೂವತ್ತು ಅಡಿ ಉದ್ದದ ಒಂದು ಕೊಠಡಿಯೆಂದು ಭಾವಿಸಿ. ಸೂರ್ಯನು ಅದರಲ್ಲಿ ಎಲ್ಲಿ ಬೇಕಾದರೂ ಇರಬಹುದು. ಬುಧನು ಅವನಿಗಿಂತ ಹತ್ತು ಅಡಿ ಮುಂದಿದ್ದಾನೆನ್ನಿ. ಸೂರ್ಯನು ಕೊಠಡಿಯ ಮೊದಲ ಇಪ್ಪತ್ತು ಅಡಿಗಳೊಳಗಿದ್ದರೆ ಬುಧನೂ ಅದೇ ಕೊಠಡಿಯಲ್ಲಿರುವನು. ಕಡೆಯ ಹತ್ತು ಅಡಿಗಳಲ್ಲಿದ್ದರೆ ಬುಧನು ಗೋಡೆಯಾಚೆಗೆ ಹೋಗಿರುವನು. ಆದುದರಿಂದ ಹತ್ತು ಭಾಗೆ ಅಂತರವಿದ್ದಾಗ ಮೂವತ್ತರಲ್ಲಿ ಇಪ್ಪತ್ತು ಪಾಲು ಯೋಗವುಂಟು. ಬುಧನು ಸೂರ್ಯನ ಮಗ್ಗುಲಲ್ಲಿಯೇ ಇರುವ ದಿನಗಳನ್ನೂ ತುತ್ತತುದಿಗೆ ಹೋಗಿರುವ ದಿನಗಳನ್ನೂ ಕೂಡಿಸಿ ಸರಾಸರಿ ನೋಡಿದರೆ ಇಬ್ಬರ ಅಂತರ ಸುಮಾರು 14 ಭಾಗೆ. ಮೂವತ್ತರಲ್ಲಿ ಹದಿನಾಲ್ಕನ್ನು ಕಳೆದರೆ ಹದಿನಾರು. ಮೂವತ್ತರಲ್ಲಿ ಹದಿನಾರೆಂದರೆ ಅರ್ಧಕ್ಕಿಂತ ತುಸು ಹೆಚ್ಚು.

ಒಂದಕ್ಕೊಂದು ಸಂಬಂಧವಿಲ್ಲದೆ ತಿರುಗುವ ಎರಡು ಗ್ರಹಗಳು, ಉದಾಹರಣೆಗೆ ಚಂದ್ರನೂ ಗುರುವೂ, ಒಂದೇ ರಾಶಿಯಲ್ಲಿರುವುದು ಹನ್ನೆರಡು ಜಾತಕಗಳಿಗೆ ಒಂದರಂತೆ. ಬುಧಸೂರ್ಯರು ಎರಡಕ್ಕೆ ಒಂದರಂತೆ. ಇದೇ ಈ ಯೋಗವು ಎಲ್ಲೆಲ್ಲಿಯೂ ಕಾಣುವುದರ ಮುಖ್ಯ ಕಾರಣ.

ಆದರೆ ಅರ್ಧವೆಂದರೆ ಎಲ್ಲವೂ ಅಲ್ಲವಲ್ಲ. ಮಿಕ್ಕ ಅರ್ಧದವರಿಗೂ ಯೋಗವಿದೆಯೆಂದು ಹೇಗೆ ತೋರುತ್ತದೆ ಎಂದರೆ, ಅಲ್ಲಿ ಮನುಷ್ಯರ ಕೈ ಇದೆ. ರಾಶಿಕುಂಡಲಿಯಲ್ಲಿ ಯೋಗ ಕಾಣದಿದ್ದರೆ ನವಾಂಶದಲ್ಲಿ ಹುಡುಕುವವರುಂಟು. ಅಲ್ಲಿಯೂ ಇಲ್ಲದಿದ್ದರೆ ಭಾವಕುಂಡಲಿಯನ್ನು ಹಾಕಿ, ರಾಶಿ ಬೇರೆಯಾದರೂ ಭಾವವೊಂದೇ ಎನ್ನುವವರುಂಟು. ಪಕ್ಕದ ರಾಶಿಯಲ್ಲಿದ್ದರೂ ಸಮೀಪವೇ ಎಂದು ಸಮಾಧಾನ ಹೇಳುವವರೂ ಉಂಟು. ಅಲ್ಲದೆ ಯೋಗವಿದೆಯೆಂದು ಕೇಳಿದವರು ಅದನ್ನು ನಾಲ್ಕು ಮನೆಗಳಲ್ಲಿ ಹೇಳುತ್ತಾರೆ. ಇಲ್ಲವೆಂದು ಕೇಳಿದವರು ಸುಮ್ಮನಿರುತ್ತಾರೆ. ಹೀಗೆ ಅರ್ಧವು ಮುಕ್ಕಾಲಾಗಿ, ಮುಕ್ಕಾಲು ಎಲ್ಲವೂ ಆಗಿ ಕಿವಿಗೆ ಬೀಳುತ್ತದೆ.

ಈಗ ಆ ಗೃಹಸ್ಥರ ಎರಡು ಜಾತಕಗಳನ್ನು ನೋಡೋಣ. ಮಗನು ಹುಟ್ಟಿದ್ದು ಆಗಸ್ಟ್ ತಿಂಗಳ ಮೂರನೆಯ ವಾರದಲ್ಲಿ. ಸೂರ್ಯನು ಸಿಂಹದ 2ನೆಯ ಭಾಗೆಯಲ್ಲಿದ್ದಾನೆ. ಬುಧನು ಸಿಂಹದ 26ನೆಯ ಭಾಗೆಯಲ್ಲಿದ್ದಾನೆ. ಒಂದೇ ರಾಶಿ, ಅದೂ ಸೂರ್ಯನ ಸ್ವಕ್ಷೇತ್ರ. ಯೋಗವೆಂದು ಕೆಂಪುಶಾಯಿಯಲ್ಲಿ ಬರೆದಿದೆ. ಮಗಳು ಹುಟ್ಟಿದ್ದು ಜೂನ್ ಎರಡನೆಯ ವಾರದಲ್ಲಿ. ಸೂರ್ಯನು ವೃಷಭದ 28ನೆಯ ಭಾಗೆ. ಬುಧನು ಮಿಥುನದ 2ನೆಯ ಭಾಗೆ. ರಾಶಿ ಬೇರೆ, ಆದುದರಿಂದ ಯೋಗವಿಲ್ಲ.

ನಾವು ಒಂದು ಹಾಳೆಯ ಮೇಲೆ ಗೆರೆಯೆಳೆದು ಅವರಿಗೆ ತೋರಿಸಿದೆವು. ಮಗನ ಜಾತಕದಲ್ಲಿ ಸೂರ್ಯನಿಗೂ ಬುಧನಿಗೂ ನಡುವೆ 24 ಭಾಗೆಗಳ ಅಂತರ. ಬುಧನು ಸೂರ್ಯನಿಂದ ದೂರ ಹೋಗಬಲ್ಲಷ್ಟೂ ಹೋಗಿದ್ದಾನೆ ಎನ್ನಬೇಕು. ಮಗಳ ಜಾತಕದಲ್ಲಿ ಇಬ್ಬರ ಅಂತರ ನಾಲ್ಕೇ ಭಾಗೆ. ಭುಜಕ್ಕೆ ಭುಜ ತಾಗುವಂತಿದ್ದಾರೆ. ಆದರೂ ದೂರವಿದ್ದವರಿಗೆ 'ಕೂಟ' ಎಂಬ ಹೆಸರು, ಹತ್ತಿರವಿದ್ದವರಿಗೆ ಅದಿಲ್ಲ. ಏಕೆಂದರೆ ನಡುವೆ ರಾಶಿಯ ಗೆರೆಯೊಂದು ಬಂದಿದೆ. ಆ ಗೆರೆ ಆಕಾಶದಲ್ಲಿ ಬರೆದಿರುವುದಲ್ಲ. ಅದಕ್ಕಿಂತ ವಿನೋದವೆಂದರೆ ಮಿಥುನವು ಬುಧನ ಸ್ವಂತ ಮನೆ. ಗ್ರಹವು ಸ್ವಕ್ಷೇತ್ರದಲ್ಲಿದ್ದರೆ ಬಲವಂತವೆಂದು ಹೇಳುವ ಶಾಸ್ತ್ರವನ್ನೇ ಹಿಡಿದರೆ ಹುಡುಗಿಯ ಬುಧನಿಗೆ ಮರ್ಯಾದೆ ಹೆಚ್ಚಾಗಬೇಕಿತ್ತು. ಅಚ್ಚಾದ ಪಟ್ಟಿಯಲ್ಲಿ ಬುಧಾದಿತ್ಯವೆಂಬ ಹೆಸರು ಬಾರದ ಕಾರಣ ಅದನ್ನು ಯಾರೂ ನೋಡಲಿಲ್ಲ.

"ಹಾಗಾದರೆ ಹತ್ತಿರವಿದ್ದರೆ ಒಳ್ಳೆಯದೋ, ದೂರವಿದ್ದರೆ ಒಳ್ಳೆಯದೋ?" ಎಂದು ಅವರು ಕೇಳಿದರು. ಪ್ರಶ್ನೆ ನ್ಯಾಯವಾಗಿಯೇ ಇದೆ. ಇದಕ್ಕೆ ಶಾಸ್ತ್ರದಲ್ಲಿಯೇ ಎರಡು ಬಾಯಿಗಳಿವೆ. ಗ್ರಹವು ಸೂರ್ಯನಿಗೆ ತೀರ ಹತ್ತಿರ ಬಂದರೆ ಅದರ ಬೆಳಕು ಮುಚ್ಚಿಹೋಗಿ ಕಾಣದಾಗುತ್ತದೆ. ಅದಕ್ಕೆ ಅಸ್ತಂಗತವೆಂದು ಹೆಸರು. ಸೂರ್ಯಸಿದ್ಧಾಂತವು ಬುಧನಿಗೆ ನೇರಗತಿಯಲ್ಲಿ 14 ಭಾಗೆ, ವಕ್ರಗತಿಯಲ್ಲಿ 12 ಭಾಗೆ ಎಂದು ಮಿತಿ ಹಾಕಿದೆ. ಅಸ್ತಂಗತ ಗ್ರಹವು ದುರ್ಬಲವೆಂಬುದು ಜಾತಕಶಾಸ್ತ್ರದ ಸಾಮಾನ್ಯ ನಿಯಮ. ಈಗ ನೋಡಿ: ಒಂದೇ ರಾಶಿಯಲ್ಲಿ ಇರಬೇಕೆಂದರೆ ಹತ್ತಿರವಿರಬೇಕು; ಹತ್ತಿರವಿದ್ದರೆ ಅಸ್ತನಾಗುತ್ತಾನೆ. ನಾವು ಮೇಲಿನ ಲೆಕ್ಕವನ್ನೇ ಮುಂದುವರಿಸಿ ನೋಡಿದರೆ, ಯೋಗವುಳ್ಳ ಜಾತಕಗಳ ಪೈಕಿ ಐದರಲ್ಲಿ ಸುಮಾರು ಮೂರು ಪಾಲಿನಲ್ಲಿ ಬುಧನು ಅಸ್ತಂಗತನೇ. ಹೀಗೆ ನೂರರಲ್ಲಿ ಐವತ್ತೆರಡಕ್ಕೆ ಯೋಗ. ಅದರಲ್ಲಿ ಅಸ್ತದೋಷ ತಟ್ಟದೆ ಉಳಿಯುವುದು ಸುಮಾರು ಇಪ್ಪತ್ತು ಮಾತ್ರ.

ಈ ತೊಡಕನ್ನು ಕೆಲವರು ಬಲ್ಲರು. ಅವರು ಬುಧನು ಸದಾ ಸೂರ್ಯನ ಬಳಿಯಲ್ಲೇ ಇರುವವನಾದುದರಿಂದ ಅವನಿಗೆ ಅಸ್ತದೋಷವಿಲ್ಲ ಎನ್ನುತ್ತಾರೆ. ಆ ವಾದವನ್ನು ಒಪ್ಪೋಣ. ಆದರೆ ಸದಾ ಬಳಿಯಲ್ಲಿರುವುದರಿಂದ ದೋಷವಿಲ್ಲವೆಂದ ಮೇಲೆ, ಸದಾ ಬಳಿಯಲ್ಲಿರುವುದರಿಂದ ವಿಶೇಷ ಗುಣವೂ ಇಲ್ಲವೆಂದೇ ಹೇಳಬೇಕಾಗುತ್ತದೆ. ಒಂದೇ ಕಾರಣವು ದೋಷವನ್ನು ಕಳೆಯುವಾಗ ಬಂದು, ಗುಣವನ್ನು ಎಣಿಸುವಾಗ ಮರೆಯಾಗುವುದು ತರ್ಕಕ್ಕೆ ಸಲ್ಲುವುದಿಲ್ಲ.

ನಮ್ಮ ಅತಿಥಿಗಳು ಸುಲಭವಾಗಿ ಬಿಡಲಿಲ್ಲ. "ಮೇಷ್ಟ್ರೇ, ದೊಡ್ಡ ದೊಡ್ಡವರ ಜಾತಕದಲ್ಲೆಲ್ಲಾ ಈ ಯೋಗ ಇರುತ್ತದಂತಲ್ಲ?" ಎಂದರು. ಅದಕ್ಕೆ ದೂರ ಹೋಗಬೇಕಾಗಿಲ್ಲ. ಬುದ್ಧಿಗೂ ಕೀರ್ತಿಗೂ ನಮ್ಮ ಜಿಲ್ಲೆಯಲ್ಲಿಯೇ ಎಲ್ಲರೂ ಒಪ್ಪುವ ಇಬ್ಬರು ಹುಟ್ಟಿದ್ದಾರೆ. ಒಬ್ಬರು ಮುಳಬಾಗಿಲಿನ ಡಿ. ವಿ. ಗುಂಡಪ್ಪನವರು, ಇನ್ನೊಬ್ಬರು ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ಇವರ ಜನ್ಮದಿನಗಳು ಪ್ರಸಿದ್ಧವಾಗಿವೆ. ಬುಧಸೂರ್ಯರ ರಾಶಿಯನ್ನು ತಿಳಿಯಲು ಲಗ್ನ ಬೇಕಾಗಿಲ್ಲ, ದಿನವೊಂದಿದ್ದರೆ ಸಾಕು. ನಾವು ಆ ಎರಡು ದಿನಗಳಿಗೆ ಇಂದಿನ ದೃಗ್ಗಣಿತದಂತೆ ಲೆಕ್ಕ ಹಾಕಿದೆವು.

ಗುಂಡಪ್ಪನವರು ಹುಟ್ಟಿದ್ದು 1887ನೆಯ ಇಸವಿ ಮಾರ್ಚ್ 17ರಂದು. ಅಂದು ಸೂರ್ಯನು ಮೀನದ ಸುಮಾರು 4ನೆಯ ಭಾಗೆಯಲ್ಲಿಯೂ ಬುಧನು ಮೀನದ ಸುಮಾರು 12ನೆಯ ಭಾಗೆಯಲ್ಲಿಯೂ ಇದ್ದರು. ಯೋಗವಿದೆ, ಸಂದೇಹವಿಲ್ಲ. ಆದರೆ ಯಾವ ಯೋಗ? ಮೀನವು ಬುಧನಿಗೆ ನೀಚರಾಶಿ. ಅದರ 15ನೆಯ ಭಾಗೆ ಪರಮನೀಚ. ಅದರ ಸಮೀಪಕ್ಕೇ ಬಂದಿದ್ದಾನೆ. ಸೂರ್ಯನಿಂದ ಎಂಟೇ ಭಾಗೆ ದೂರವಿರುವುದರಿಂದ ಅಸ್ತಂಗತ. ಸಾಲದೆಂದು ವಕ್ರಗತಿ ಬೇರೆ. ಹೆಸರು ಹೇಳದೆ ಈ ಜಾತಕವನ್ನು ಮುಂದಿಟ್ಟರೆ, ಬುಧನು ನೀಚನೂ ಅಸ್ತನೂ ವಕ್ರನೂ ಆಗಿರುವ ಈ ಹುಡುಗನಿಗೆ ವಿದ್ಯೆ ಹತ್ತುವುದು ಕಷ್ಟವೆಂದು ಹೇಳುವವರೇ ಹೆಚ್ಚು. ಗುಂಡಪ್ಪನವರಿಗೆ ಕಾಲೇಜಿನ ಪದವಿ ಇರಲಿಲ್ಲವೆಂಬುದೂ ನಿಜವೇ. ಆದರೆ ಅವರು 1943ರಲ್ಲಿ ಮಂಕುತಿಮ್ಮನ ಕಗ್ಗವನ್ನು ಕೊಟ್ಟರು, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು, 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೇ ಅವರಿಗೆ ಗೌರವ ಡಿ.ಲಿಟ್. ಕೊಟ್ಟಿತು. ಹೆಸರು ತಿಳಿದ ಮೇಲೆ ಮಾತ್ರ ನೀಚಭಂಗ, ವಕ್ರಬಲ ಮೊದಲಾದ ಸಮಾಧಾನಗಳು ಒಂದೊಂದಾಗಿ ಹೊರಬರುತ್ತವೆ. ಇನ್ನೂ ಒಂದು ಮಾತು: ಆ ವರ್ಷ ಮಾರ್ಚ್ 13ರಿಂದ ಕನಿಷ್ಠ ಎರಡು ವಾರ ಸೂರ್ಯಬುಧರಿಬ್ಬರೂ ಮೀನದಲ್ಲಿಯೇ ಇದ್ದರು. ಆ ದಿನಗಳಲ್ಲಿ ಭೂಮಂಡಲದಲ್ಲಿ ಹುಟ್ಟಿದ ಪ್ರತಿಯೊಂದು ಶಿಶುವಿಗೂ ಇದೇ ಯೋಗವಿದ್ದಿತು. ಗುಂಡಪ್ಪನವರು ಒಬ್ಬರೇ ಆದರು.

ಮಾಸ್ತಿಯವರು ಹುಟ್ಟಿದ್ದು 1891ನೆಯ ಇಸವಿ ಜೂನ್ 6ರಂದು. ಅಂದು ಸೂರ್ಯನು ವೃಷಭದ ಸುಮಾರು 23ನೆಯ ಭಾಗೆಯಲ್ಲಿದ್ದನು. ಬುಧನು ಅವನಿಗಿಂತ ಸುಮಾರು 24 ಭಾಗೆ ಹಿಂದೆ, ಮೇಷದ ಕಡೆಯಲ್ಲಿ, ಸುಮಾರು 29ನೆಯ ಭಾಗೆಯಲ್ಲಿದ್ದನು. ರಾಶಿ ಬೇರೆ, ಯೋಗವಿಲ್ಲ. ಆದರೂ ಮದರಾಸಿನಲ್ಲಿ ಎಂ.ಎ. ಮಾಡಿ, ಮೈಸೂರು ಸಂಸ್ಥಾನದಲ್ಲಿ ದೊಡ್ಡ ಅಧಿಕಾರ ನಡೆಸಿ, ಸಣ್ಣಕಥೆಗೆ ಕನ್ನಡದಲ್ಲಿ ಮನೆ ಕಟ್ಟಿಕೊಟ್ಟು, 1983ರ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದವರಿಗೆ ಬುದ್ಧಿಯೂ ಕೀರ್ತಿಯೂ ಕಡಿಮೆಯಾಯಿತೆಂದು ಯಾರು ಹೇಳಿಯಾರು?

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೇಲೆ ಹೇಳಿದ ಲೆಕ್ಕಗಳನ್ನು ನಾವು ಭಾರತ ಸರ್ಕಾರದ ಪಂಚಾಂಗ ಸುಧಾರಣಾ ಸಮಿತಿಯು 1955ರಲ್ಲಿ ಸ್ವೀಕರಿಸಿದ ಚಿತ್ರಾಪಕ್ಷದ ಅಯನಾಂಶದಿಂದ ಮಾಡಿದೆವು. ರಾಶಿಚಕ್ರದ ಮೊದಲನೆಯ ಬಿಂದುವನ್ನು ಎಲ್ಲಿ ಇಡಬೇಕೆಂಬುದರಲ್ಲಿ ಮತಭೇದವಿರುವುದರಿಂದ ಅಯನಾಂಶಗಳು ಹಲವು. ಬೆಂಗಳೂರಿನ ಬಿ. ವಿ. ರಾಮನ್ ಅವರು ಬಳಸುತ್ತಿದ್ದ ಅಯನಾಂಶವು ಇದಕ್ಕಿಂತ ಸುಮಾರು ಒಂದೂವರೆ ಭಾಗೆ ಕಡಿಮೆ. ಅದನ್ನು ಹಿಡಿದರೆ ಎಲ್ಲ ಗ್ರಹಗಳೂ ಅಷ್ಟು ಮುಂದಕ್ಕೆ ಸರಿಯುತ್ತವೆ. ಮಾಸ್ತಿಯವರ ಬುಧನು ಮೇಷದ ಗೆರೆಯನ್ನು ದಾಟಿ ವೃಷಭಕ್ಕೆ ಕಾಲಿಡುತ್ತಾನೆ. ಆಗ ಯೋಗವುಂಟು! ಆಕಾಶದಲ್ಲಿ ಬುಧನು ಒಂದು ಅಂಗುಲವೂ ಅಲುಗಲಿಲ್ಲ. ಮಾಸ್ತಿಯವರ ಬಾಳಿನಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಪುಸ್ತಕ ಬದಲಾಯಿತು, ಯೋಗ ಬಂದಿತು. ವಾಚಕರು ತಮ್ಮ ಮನೆಯ ಜಾತಕದಲ್ಲಿ ಸೂರ್ಯನಾಗಲಿ ಬುಧನಾಗಲಿ ರಾಶಿಯ ಮೊದಲ ಎರಡು ಅಥವಾ ಕಡೆಯ ಎರಡು ಭಾಗೆಗಳಲ್ಲಿದ್ದರೆ, ಅಲ್ಲಿ ಬರೆದಿರುವ 'ಇದೆ' ಎಂಬುದೂ 'ಇಲ್ಲ' ಎಂಬುದೂ ಎರಡನೆಯ ಪಂಚಾಂಗದ ಮುಂದೆ ನಿಲ್ಲದಿರಬಹುದೆಂದು ತಿಳಿಯತಕ್ಕದ್ದು.

ಇದಕ್ಕೆ ಸೇರಿದಂತೆ ನಮ್ಮ ತಪ್ಪನ್ನೂ ಒಂದು ಒಪ್ಪಿಕೊಳ್ಳಬೇಕಾಗಿದೆ. ಹಿಂದೆ ಹಳ್ಳಿಯ ತಂದೆತಾಯಿಗಳು ಮಗುವನ್ನು ಶಾಲೆಗೆ ಕರೆತಂದಾಗ ಹುಟ್ಟಿದ ದಿನವನ್ನು ಕೇಳಿದರೆ, "ದೊಡ್ಡ ಮಳೆ ಬಂದ ವರ್ಷ, ಹುರುಳಿ ಕೀಳುವ ಕಾಲ" ಎನ್ನುತ್ತಿದ್ದರು. ದಾಖಲೆಗೆ ಒಂದು ತಾರೀಖು ಬೇಕು. ವಯಸ್ಸು ಸರಿಹೊಂದುವಂತೆ ಜೂನ್ ತಿಂಗಳ ಯಾವುದೋ ದಿನವನ್ನು ನಾವೇ ಬರೆದುಕೊಂಡದ್ದುಂಟು. ಹುರುಳಿ ಕೀಳುವ ಕಾಲದ ಮಗುವಿಗೆ ಮುಂಗಾರಿನ ತಾರೀಖು ಬಿದ್ದಿತು. ಹಾಗೆ ಬರೆಸಿಕೊಂಡವರಲ್ಲಿ ಕೆಲವರು ಈಗ ಮದುವೆಗೆ ಬೆಳೆದ ಮಕ್ಕಳಿರುವ ಗೃಹಸ್ಥರು. ಅವರಲ್ಲಿ ಒಬ್ಬರು ಈಚೆಗೆ ಶಾಲೆಯ ಸರ್ಟಿಫಿಕೇಟಿನ ತಾರೀಖಿನಿಂದಲೇ ಜಾತಕ ಬರೆಸಿ, ತಮಗೆ ಬುಧಾದಿತ್ಯಯೋಗವಿದೆಯೆಂದು ಸಂತೋಷದಿಂದ ಹೇಳಿದರು. ಆ ಯೋಗವನ್ನು ಕೊಟ್ಟವರು ಗ್ರಹಗಳಲ್ಲ, ಹಾಜರಿ ಪುಸ್ತಕದ ಮುಂದೆ ಕುಳಿತಿದ್ದ ನಾವು ಎಂಬುದನ್ನು ಹೇಳುವಾಗ ನಮಗೆ ನಾಚಿಕೆಯೇ ಆಯಿತು.

ಆದುದರಿಂದ ಯಾರಾದರೂ ಬುಧಾದಿತ್ಯಯೋಗವಿದೆಯೆಂದರೆ ಗೃಹಸ್ಥರು ಮೂರು ಮಾತು ಕೇಳಬಹುದು. ಸೂರ್ಯನೂ ಬುಧನೂ ಎಷ್ಟನೆಯ ಭಾಗೆಯಲ್ಲಿದ್ದಾರೆ? ಯಾವ ಅಯನಾಂಶದಿಂದ ಗಣಿತ ಮಾಡಿದೆ? ಹುಟ್ಟಿದ ದಿನಕ್ಕೆ ಆಧಾರವೇನು? ಈ ಮೂರಕ್ಕೂ ಉತ್ತರ ಬಂದ ಮೇಲೂ ಉಳಿಯುವುದಿಷ್ಟೆ: ಎರಡರಲ್ಲಿ ಒಂದು ಜಾತಕಕ್ಕೆ ಬರುವ ಲಕ್ಷಣವೊಂದು ಈ ಜಾತಕಕ್ಕೂ ಬಂದಿದೆ. ತರಗತಿಯ ಅರ್ಧ ಮಕ್ಕಳಿಗಿರುವ ಗುರುತಿನಿಂದ ಮೊದಲನೆಯವನನ್ನು ಆರಿಸಲು ಯಾವ ಉಪಾಧ್ಯಾಯನಿಗೂ ಸಾಧ್ಯವಿಲ್ಲ.

ಆ ಗೃಹಸ್ಥರು ನಾವು ಗೆರೆಯೆಳೆದ ಹಾಳೆಯನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದರು. ನಾವು ಅವರಿಗೆ ಯಾರನ್ನು ಕಳುಹಿಸಬೇಕೆಂದು ಹೇಳಲಿಲ್ಲ. ಮಕ್ಕಳಿಬ್ಬರ ಅಂಕಪಟ್ಟಿಗಳನ್ನೂ ತಂದಿದ್ದೀರಾ ಎಂದು ಮಾತ್ರ ಕೇಳಿದೆವು. ತಂದಿರಲಿಲ್ಲ. "ಅದು ಮನೆಯಲ್ಲಿಯೇ ಇದೆ ಮೇಷ್ಟ್ರೇ, ತರಬೇಕು ಅಂತ ತೋಚಲೇ ಇಲ್ಲ" ಎಂದರು. ಮುಂದಿನ ವಾರ ಮಗಳೊಡನೆ ಬಂದು ಅವುಗಳನ್ನು ತೋರಿಸಿದರು. ಗಣಿತದಲ್ಲಿ ಅವಳಿಗೆ ನೂರಕ್ಕೆ ತೊಂಬತ್ತಾರು ಬಂದಿದ್ದಿತು. ಮಗನು ಆ ದಿನ ತೋಪಿನಲ್ಲಿ ಮರಗಳಿಗೆ ಔಷಧಿ ಹೊಡೆಸುತ್ತಿದ್ದನಂತೆ. ತನಗೆ ಓದಿಗಿಂತ ತೋಪೇ ಇಷ್ಟವೆಂದು ಅವನು ಎರಡು ವರ್ಷಗಳಿಂದ ಹೇಳುತ್ತಿದ್ದನಂತೆ, ಯೋಗವಿರುವ ಹುಡುಗನ ಮಾತೆಂದು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಮಗಳು ಈಗ ದಿನವೂ ಬೆಳಗಿನ ಬಸ್ಸಿನಲ್ಲಿ ಕೋಲಾರಕ್ಕೆ ಹೋಗಿ ಪದವಿ ತರಗತಿಯಲ್ಲಿ ಓದುತ್ತಿದ್ದಾಳೆ. ಹೊರಡುವಾಗ ಆಕೆ ನಮ್ಮ ಹಾಳೆಯನ್ನು ಕೇಳಿ ಪಡೆದು, ಸೂರ್ಯಬುಧರ ನಡುವಿನ ಅಂತರ ದಿನದಿನಕ್ಕೆ ಹೇಗೆ ಬದಲಾಗುತ್ತದೆಂಬುದನ್ನು ತಾನೇ ಲೆಕ್ಕ ಹಾಕಿ ನೋಡುವೆನೆಂದು ಹೇಳಿದಳು.